ಎಂಟು ಮೂಲೆಯ ಅರಳಿಕಟ್ಟೆಗೆ ಕಲ್ಲಿನ ಲೆಕ್ಕ: ನನ್ನ ಅನುಭವ

ಚಿತ್ರದುರ್ಗದ ಸುತ್ತಮುತ್ತ ಎಂಟು ಮೂಲೆಯ ಕಟ್ಟೆಗೆ ಕಲ್ಲು ಹಾಸುವಾಗ ನಮ್ಮವರು ಲೆಕ್ಕ ಹಾಕುವ ರೀತಿ ಒಂದೇ. ಎದುರುಬದುರು ಬದಿಗಳ ನಡುವೆ ಅಳೆದು, ಉದ್ದ ಅಗಲ ಗುಣಿಸಿ, ಅಷ್ಟು ಚದರಡಿ ಕಲ್ಲು ತರಿಸುತ್ತಾರೆ. ಪಕ್ಕದ ಹಳ್ಳಿಯ ಒಂದು ಕಟ್ಟೆಗೆ ಹೀಗೇ ತರಿಸಿದ್ದ ಶಹಾಬಾದ್ ಕಲ್ಲು ಇವತ್ತಿಗೂ ಗುಡಿಯ ಹಿಂದೆ ಬಿದ್ದಿದೆ. ಉಳಿದ ಕಲ್ಲಿನ ದುಡ್ಡು ಯಾರು ಕೊಡಬೇಕು ಅಂತ ಊರಲ್ಲಿ ಜಗಳವೂ ಆಯಿತು.

ನಾನು ಹಿಡಿದ ಕಟ್ಟೆಯ ಒಂದೊಂದು ಬದಿ 6 ಅಡಿ. ಅಪೋಥೆಮ್ ಹಿಡಿದು ಲೆಕ್ಕ ಮಾಡುತ್ತೇನೆ ಅಂದೆ. ಅಂದರೆ ನಡುವಿನಿಂದ ಬದಿಯ ಮಧ್ಯಕ್ಕೆ ನೇರ ಬೀಳುವ ಅಳತೆ. ಮೇಸ್ತ್ರಿ ಒಪ್ಪಲಿಲ್ಲ. "ನಡುವೆ ಮರ ನಿಂತಿದೆ, ಟೇಪು ಎಲ್ಲಿಂದ ಹಿಡೀತೀರಿ ಸಾರ್?" ಅಂದರು. ನಡುವಿಗೆ ಹೋಗಲೇಬೇಕಿಲ್ಲ. ಬದಿ ಗೊತ್ತಿದ್ದರೆ ಸಾಕು. ಎಂಟು ಮೂಲೆಗೆ ಬದಿಯ ಅರ್ಧವನ್ನು 2.414ರಿಂದ ಗುಣಿಸಿದರೆ ಅಪೋಥೆಮ್ ಬರುತ್ತದೆ. 3 ಅಡಿಗೆ ಸುಮಾರು 7.24, ಅಂದರೆ 7 ಅಡಿ 3 ಇಂಚು. ಸುತ್ತಳತೆ 48, ಅದರ ಅರ್ಧ 24. ಈ 24ನ್ನು ಅಪೋಥೆಮ್‌ನಿಂದ ಗುಣಿಸಿದರೆ 174 ಚದರಡಿ.

ಹಳೇ ರೀತಿಯಲ್ಲಿ ಅದೇ ಕಟ್ಟೆ 210 ಚದರಡಿ ಆಗುತ್ತಿತ್ತು. 36 ಚದರಡಿ ಜಾಸ್ತಿ! ಆಗ ಕಲ್ಲು, ಕೂಲಿ ಸೇರಿ ಚದರಡಿಗೆ ನೂರರ ಆಸುಪಾಸು ಇತ್ತು. ಸುಮ್ನೆ ಮೂರೂವರೆ ಸಾವಿರ ಹೋಗುತ್ತಿತ್ತು.

ಇಷ್ಟಾದರೂ ಊರ ಗೌಡ್ರು ನಂಬಲಿಲ್ಲ. "ನಿಮ್ಮ ಲೆಕ್ಕದಲ್ಲಿ ಕಲ್ಲು ಸಾಲದೆ ಬಂದರೆ?" ಅಂದರು. ಅವರದೇ ಚೌಕವನ್ನು ನೆಲದ ಮೇಲೆ ಬರೆದು ತೋರಿಸಿದೆ. ಚೌಕದ ನಾಲ್ಕು ಮೂಲೆ ಕತ್ತರಿಸಿದರೆ ತಾನೇ ಎಂಟು ಮೂಲೆ ಆಗೋದು? ಕತ್ತರಿಸಿದ ನಾಲ್ಕು ತುಂಡು ಕೂಡಿಸಿದರೆ ಸರಿಯಾಗಿ 6ಕ್ಕೆ 6 ಅಡಿಯ ಒಂದು ಚೌಕ, ಅಂದರೆ 36 ಚದರಡಿ. 210ರಲ್ಲಿ 36 ಕಳೆಯಿರಿ, ಅದೇ 174. ಗೌಡ್ರು ಎರಡು ಸಲ ಕೂಡಿಸಿ ನೋಡಿ ಹೂಂ ಅಂದರು. ಇದು ಎಂಟು ಮೂಲೆಗೆ ಮಾತ್ರ ನಡೆಯುವ ತಾಳೆ, ಆರು ಮೂಲೆಗೆ ಹಚ್ಚಬೇಡಿ.

ಕೆಡೋದು ಎಲ್ಲಿ ಗೊತ್ತಾ? ಬದಿಯ ಮಧ್ಯದ ಬದಲು ಮೂಲೆಗೆ ಅಳೆಯುವಾಗ. ಇದೇ ಕಟ್ಟೆಯಲ್ಲಿ ನಡುವಿನಿಂದ ಮೂಲೆಗೆ 7 ಅಡಿ 10 ಇಂಚು. ಅದನ್ನು ಹಾಕಿದರೆ 188 ಬರುತ್ತದೆ. ನೋಡೋಕೆ ಸರಿಯಾಗೇ ಕಾಣುತ್ತದೆ, ಅದಕ್ಕೇ ಯಾರೂ ಹಿಡಿಯೋದಿಲ್ಲ. ಇನ್ನೊಂದು, ಫೋನಿನ ಕ್ಯಾಲ್ಕುಲೇಟರ್. 2.414 ಬರೋದು `1 / tan(22.5)` ಇಂದ. ನಿಮಗೆ 1.79 ಬಂದರೆ ಫೋನು ರೇಡಿಯನ್‌ನಲ್ಲಿದೆ, ಡಿಗ್ರಿಗೆ ಹಾಕಿಕೊಳ್ಳಿ. ಬೇರೆ ಆಕಾರಕ್ಕೆ 180ನ್ನು ಬದಿಗಳ ಸಂಖ್ಯೆಯಿಂದ ಭಾಗಿಸಿ ಹಾಕಿ. ಆರು ಮೂಲೆಗೆ 1.732, ಹನ್ನೆರಡಕ್ಕೆ 3.732 ಬರುತ್ತದೆ.

ಎಂಟೂ ಬದಿ ಸಮ ಇದ್ದರೆ ಸಾಲದು. ಬದಿ ಸಮ ಇದ್ದೇ ಕಟ್ಟೆ ಒಂದು ಕಡೆ ಅಮುಕಿದಂತೆ ಇರಬಹುದು, ಆಗ ಜಾಗ ಕಮ್ಮಿಯಾಗುತ್ತದೆ. ಒಂದು ಮೂಲೆ ಬಿಟ್ಟು ಮುಂದಿನ ಮೂಲೆಗೆ ದಾರ ಹಿಡಿಯಿರಿ. 6 ಅಡಿ ಬದಿಗೆ ಅದು ಸುತ್ತಲೂ 11 ಅಡಿ 1 ಇಂಚು ಇರಬೇಕು. ಮರವೂ ಅಡ್ಡ ಬರೋದಿಲ್ಲ. ಅಳತೆ ಒಂದು ಕಡೆ ಹೆಚ್ಚು ಇನ್ನೊಂದು ಕಡೆ ಕಮ್ಮಿ ಬಂದರೆ ಈ ಲೆಕ್ಕ ಬಿಡಿ. ಕಟ್ಟೆಯನ್ನು ತ್ರಿಕೋನ ಮಾಡಿ ಒಂದೊಂದಾಗಿ ಅಳೆಯಿರಿ.

ಬೇರಿಗೆ ಮಣ್ಣು ಬಿಟ್ಟ ಒಳಗಿನ ಎಂಟು ಮೂಲೆಯನ್ನೂ ಹೀಗೇ ಕಳೆದೆ. ಬದಿ ಎರಡೂವರೆ ಅಡಿ, ಜಾಗ ಸುಮಾರು 30. ಉಳಿದದ್ದು 144 ಚದರಡಿ. ಕತ್ತರಿಸಿ ಹೋಗುವುದಕ್ಕೆ ಸೇರಿಸಿ 160 ತರಿಸಿದೆ. ಓರೆ ಬದಿಯ ಕಲ್ಲನ್ನು ಇಷ್ಟು ಕಮ್ಮಿ ವೇಸ್ಟಲ್ಲಿ ಹೇಗೆ ಕೊಯ್ಯುತ್ತೇನೆ ಅನ್ನೋದನ್ನು ಇಲ್ಲಿ ಬರೆಯೋದಿಲ್ಲ. ಅದು ನನ್ನ ಹೊಟ್ಟೆಪಾಡು.

ಕೆಲಸದ ನಡುವೆ ಇನ್ನೊಂದು ಲೆಕ್ಕ ನೋಡಿದೆ. ಅಂಚಿನ ಕಲ್ಲು ಅದೇ 48 ಅಡಿ ಇಟ್ಟುಕೊಂಡು ಆಕಾರ ಬದಲಿಸಿದರೆ? ನಾಲ್ಕು ಮೂಲೆಗೆ 144, ಆರು ಮೂಲೆಗೆ 166, ಎಂಟಕ್ಕೆ 174, ಹನ್ನೆರಡಕ್ಕೆ 179. ಪೂರ್ತಿ ದುಂಡಗೆ ಮಾಡಿದರೂ 184 ದಾಟೋದಿಲ್ಲ. ಸುತ್ತಳತೆ ಬದಲಾಗಿಲ್ಲ, ಅಪೋಥೆಮ್ ಮಾತ್ರ ಬೆಳೆಯುತ್ತಾ ಹೋಗುತ್ತದೆ. ಎಂಟರ ನಂತರ ಸಿಗುವ ಜಾಗ ತೀರಾ ಕಮ್ಮಿ, ಕೊಯ್ಯುವ ಕೂಲಿ ಮಾತ್ರ ಏರುತ್ತದೆ. ಹನ್ನೆರಡು ಮೂಲೆ ಬೇಕು ಅಂದವರಿಗೆ ನಾನೀಗ ಎಂಟನ್ನೇ ಒಪ್ಪಿಸುತ್ತೇನೆ.

ಕೊನೆಗೆ ಉಳಿದದ್ದು ನಾಲ್ಕೈದು ತುಂಡು. ಪಕ್ಕದ ಹಳ್ಳಿಯವರು ಮುಂದಿನ ಕಟ್ಟೆಗೆ ನನ್ನನ್ನೇ ಕರೆದರು. ಗುಡಿಯ ಹಿಂದಿನ ಆ ಹಳೇ ಕಲ್ಲನ್ನು ಅಳೆದು, ಹೊಸದಾಗಿ ತರಿಸುವುದರಲ್ಲಿ ಅಷ್ಟು ಕಳೆದೇ ಎಸ್ಟಿಮೇಟು ಕೊಟ್ಟಿದ್ದೇನೆ.