ಜಪಾನಿ ಕ್ಲೈಂಟ್‌ಗೆ ಮೇಲ್: ನಮ್ಮ ಬಾಸ್‌ಗೆ 'ಸಾನ್' ಬೇಡ

ದೊಡ್ಡವರ ಮಾತು ಬಂದರೆ ನಾವು ಯಾರ ಮುಂದೆಯೇ ಆಗಲಿ 'ಹೇಳಿದ್ದಾರೆ', 'ಬರ್ತಾರೆ' ಅಂತಲೇ ಅನ್ನುತ್ತೇವೆ. ಜಪಾನಿ ಮೇಲ್‌ನಲ್ಲಿ ಕನ್ನಡಿಗರು ಜಾಸ್ತಿ ಎಡವುವುದು ಇಲ್ಲೇ. ಅಲ್ಲಿ ಹೊರಗಿನವರಿಗೆ ಬರೆಯುವಾಗ ನಿಮ್ಮ ಬಾಸ್ ಕೂಡ ನಿಮ್ಮ ಮನೆಯವರ ಲೆಕ್ಕ. ಅವರನ್ನೂ ನಿಮ್ಮ ಜೊತೆ ತಗ್ಗಿಸಿಯೇ ಬರೆಯಬೇಕು. ನಮ್ಮ 'ಅವರು' ಥರ ಹೆಸರಿಗೆ ಅಂಟಿಸುವ 'ಸಾನ್' ಅವರಿಗೆ ಹಾಕುವಂತಿಲ್ಲ.

ಒಸಾಕಾದಲ್ಲಿರುವ ನವೀನ್ ಕ್ಲೈಂಟ್ ತನಕಾ ಅವರಿಗೆ ಕೊಟೇಶನ್ ಕಳಿಸಬೇಕು ಅಂದುಕೊಳ್ಳಿ. ಮೊದಲ ಸಾಲಿನಲ್ಲಿ ತನಕಾ ಅವರ ಕಂಪನಿಯ ಪೂರ್ತಿ ಹೆಸರು, ಆಮೇಲೆ ವಿಭಾಗ, ಕೊನೆಗೆ 'ತನಕಾ ಸಾಮಾ'. ಸಾಮಾ ಅಂದರೆ ಸಾನ್‌ಗಿಂತ ಹೆಚ್ಚಿನ ಮರ್ಯಾದೆ. ನಮ್ಮ 'ಲಿಮಿಟೆಡ್' ಥರದ 'ಕಬುಶಿಕಿ ಗೈಶಾ' ಕೆಲವು ಕಂಪನಿಗಳಲ್ಲಿ ಹೆಸರಿಗಿಂತ ಮೊದಲು ಬರುತ್ತದೆ, ಕೆಲವದರಲ್ಲಿ ಹೆಸರಾದ ಮೇಲೆ. ಅವರ ಸಹಿ ನೋಡಿ ಹಾಗೇ ಹಾಕಿ, ಮೊಟಕು ಮಾಡಬೇಡಿ.

ಆಮೇಲೆ ಶುರುವಿನ ಮಾತು: 'ಇತ್ಸುಮೊ ಒಸೆವಾ ನಿ ನತ್ತೆ ಒರಿಮಸು'. ಸದಾ ನಿಮ್ಮ ನೆರವು ಸಿಗುತ್ತಿದೆ ಎಂಬ ಅರ್ಥ. ಇದು ಸುಮ್ನೆ ರೂಢಿ. 'ಹೇಗಿದ್ದೀರಿ, ಚೆನ್ನಾಗಿದ್ದೀರಾ' ಅಂತ ಕೇಳುವ ಅಗತ್ಯವಿಲ್ಲ. ಕಾಗದದ ಪತ್ರಗಳಲ್ಲಿ ಬರುವ ಋತುಮಾನದ ವರ್ಣನೆಯೂ ದಿನನಿತ್ಯದ ಮೇಲ್‌ಗೆ ಬೇಡ. ಇದೇ ಮೊದಲ ಸಲ ಬರೆಯುತ್ತಿದ್ದರೆ 'ತೊತ್ಸುಜೆನ್ ನೊ ಗೊರೆನ್ರಾಕು ಶಿತ್ಸುರೇ ಇತಾಶಿಮಸು', ಅಂದರೆ ಇದ್ದಕ್ಕಿದ್ದಂತೆ ಬರೆದದ್ದಕ್ಕೆ ಕ್ಷಮಿಸಿ. ಮುಂದಿನ ಸಾಲಿನಲ್ಲಿ ತನ್ನ ಕಂಪನಿಯ ಹೆಸರು, ತನ್ನ ಹೆಸರು. ಮೊದಲ ಮೇಲ್‌ನಲ್ಲಿ 'ನವೀನ್ ತೊ ಮೋಶಿಮಸು', ಪರಿಚಯ ಆದ ಮೇಲೆ 'ನವೀನ್ ದೆಸು' ಸಾಕು.

ಇನ್ನು ಬಾಸ್ ಯಮದಾ. ಆಫೀಸಿನ ಒಳಗೆ ಅವರು 'ಯಮದಾ ಬುಚೋ', ವಿಭಾಗದ ಮುಖ್ಯಸ್ಥರು. ಹೆಸರಾದ ಮೇಲೆ ಹುದ್ದೆ ಸೇರಿಸಿದರೆ ಅದೇ ಮರ್ಯಾದೆ. ಹಾಗಾಗಿ ತನಕಾಗೆ ಬರೆಯುವಾಗ ಅದನ್ನು ತಿರುಗಿಸಬೇಕು: 'ಬುಚೋ ನೊ ಯಮದಾ', ಸಾನ್ ಇಲ್ಲ. ಯಮದಾ ಹೇಳಿದ್ದಕ್ಕೆ ತಗ್ಗಿಸುವ 'ಮೋಶಿತೆ ಒರಿಮಶಿತಾ', ತನಕಾ ಹೇಳಿದ್ದಕ್ಕೆ ಮರ್ಯಾದೆಯ 'ಒಶ್ಶಾತ್ತಾ'. ಯಮದಾ ಅವರಿಗೇ ಸಿಸಿ ಹಾಕಿದ್ದರೂ ಹೀಗೇ ಬರೆಯಬೇಕು. ಕೈ ನಡುಗುತ್ತೆ, ಅಲ್ವಾ? ಅವರಿಗೆ ಬೇಜಾರಾಗುವುದಿಲ್ಲ. ಸಾನ್ ಹಾಕಿದರೇ ಕ್ಲೈಂಟ್ ಮುಂದೆ ಅವರಿಗೆ ಮುಜುಗರ.

ಕ್ರಿಯಾಪದಕ್ಕೂ ಇದೇ ಲೆಕ್ಕ. ತಾನು ಕಳಿಸುವುದು 'ಒಒಕುರಿ ಇತಾಶಿಮಸು', ತಾನು ನೋಡಿದ್ದು 'ಹೈಕೆನ್ ಶಿಮಶಿತಾ'. ಆದರೆ ತನಕಾ ನೋಡಬೇಕಾದರೆ 'ಗೊರಾನ್ ಕುದಸಾಯ್'. ಅಲ್ಲಿ 'ಹೈಕೆನ್ ಶಿತೆ ಕುದಸಾಯ್' ಅಂದರೆ ಗಿರಾಕಿಯನ್ನೇ ತಗ್ಗಿಸಿದಂತಾಯಿತು. ತನ್ನ ಕಂಪನಿ 'ಹೇಶಾ', ಅವರದ್ದು ಬರಹದಲ್ಲಿ 'ಕಿಶಾ', ಫೋನಿನಲ್ಲಿ 'ಒನ್ಶಾ'.

ವಿನಯ ಜಾಸ್ತಿಯಾಗಲಿ ಅಂತ ಎಲ್ಲ ಕಡೆ 'ಸಸೆತೆ ಇತದಕಿಮಸು' ಅಂಟಿಸುವ ಚಟ ಬೇಗ ಹತ್ತುತ್ತದೆ. ಅದು ಎದುರಿನವರ ಅನುಮತಿಯಿಂದ ಮಾಡುವ ಕೆಲಸಕ್ಕೆ ಸೇರಿದ್ದು. ಮಾಮೂಲಿ ಕೆಲಸಕ್ಕೆ 'ಇತಾಶಿಮಸು' ಸಾಕು.

ತನಕಾ ಉತ್ತರ ಬರೆದು ರೇಟು ಸ್ವಲ್ಪ ಬದಲಿಸಲು ಕೇಳಿದರೆ 'ರ್ಯೋಕಾಯ್ ಶಿಮಶಿತಾ' ಬೇಡ, ಅದು ಸಹೋದ್ಯೋಗಿಗಳ ನಡುವಿನ 'ಸರಿ ಆಯ್ತು'. ಕ್ಲೈಂಟ್‌ಗೆ 'ಶೋಚಿ ಇತಾಶಿಮಶಿತಾ' ಅಂತ ಬರೆಯಿರಿ.