'ಹೋಲ್ಡ್' ಅಂದ್ರೆ ಏನು ಅಂತ ಬರೀಬೇಕು?

ಗಂಗಾವತಿ ಕಡೆಯ ಒಂದು ರೈತ ಉತ್ಪಾದಕ ಕಂಪನಿಯಲ್ಲಿ ಲೆಕ್ಕ ಬರೆಯೋದು ನನ್ನ ಕೆಲಸ. ಮೀಟಿಂಗಿನ ನಡಾವಳಿಯೂ ನನ್ನ ತಲೆಗೇ. ಮಾತು ಫೋನಿನಲ್ಲಿ ರೆಕಾರ್ಡ್ ಆಗುತ್ತದೆ, ಅದನ್ನು ಪೂರ್ತಿ ಟೈಪ್ ಮಾಡಿದರೆ ಹದಿನಾಲ್ಕು ಪುಟ. ನಿರ್ದೇಶಕರಿಗೆ ಬೇಕಾಗಿರೋದು ಅರ್ಧ ಪುಟ, ಅದೂ ಕನ್ನಡದಲ್ಲಿ.

ಕಳೆದ ಸುಗ್ಗಿಯಲ್ಲಿ ಒಮ್ಮೆ ಎಡವಿದೆ. ಟೈಪ್ ಮಾಡಿದ್ದು ಹೀಗಿತ್ತು: "ಈ ಲೋಡ್ ಹೋಲ್ಡ್ ಮಾಡೋಣ್ರಿ, ಮಾಯಿಶ್ಚರ್ ಜಾಸ್ತಿ ಐತಿ. ಸೆವೆಂಟೀನ್ ಮ್ಯಾಲ ಹೋದ್ರ ಮಿಲ್‌ನವ್ರು ರಿಜೆಕ್ಟ್ ಮಾಡ್ತಾರ. ರೇಟ್ ಏಟೀನ್ ಹಂಡ್ರೆಡ್ ಇರ್ಲಿ."

ನಾನು ಬರೆದದ್ದು: "ಲೋಡನ್ನು ತಡೆಹಿಡಿಯಲಾಯಿತು." ಓದೋಕೆ ಚೆಂದ, ಅಲ್ವಾ? ಮರುದಿನ ನಾಲ್ಕು ರೈತರು ಬಂದು, "ನಮ್ಮ ನೆಲ್ಲು ಯಾಕ ಬ್ಯಾಡಂದ್ರಿ?" ಎಂದು ಕೂತುಬಿಟ್ಟರು. ಅವರಿಗೆ ಅದು ತಿರಸ್ಕರಿಸಿದ ಹಾಗೆ ಕೇಳಿಸಿತ್ತು. ಒಂದು ಇಂಗ್ಲಿಷ್ ಪದದ ಜಾಗಕ್ಕೆ ಒಂದು ದೊಡ್ಡ ಕನ್ನಡ ಪದ ಕೂರಿಸಿದ್ದೆ, ಅಷ್ಟೆ. ಎಲ್ಲಿಯವರೆಗೆ, ಯಾಕೆ, ಯಾರು ನೋಡ್ಕೋಬೇಕು, ಮೂರೂ ಬಿಟ್ಟುಹೋಗಿದ್ದವು.

ಈಗ ಇಂಗ್ಲಿಷ್ ಪದ ಬಂದ ಕಡೆ ಅದಕ್ಕೆ ಸಮನಾದ ಪದ ಹುಡುಕೋದಿಲ್ಲ. ನಾಳೆ ಏನಾಗುತ್ತದೆ ಅಂತ ಕೇಳಿಕೊಂಡು ಬರೀತೀನಿ: "ತೇವ 17 ಶೇಕಡಕ್ಕೆ ಇಳಿಯೋವರೆಗೆ ಲಾರಿ ಬಿಡುವುದಿಲ್ಲ. ನೆಲ್ಲು ನಮ್ಮ ಗೋದಾಮಿನಲ್ಲೇ ಒಣಗುತ್ತದೆ." ಮಾಯಿಶ್ಚರ್, ತೇವ, ಹಸಿ ಅಂತ ಮೂರು ಹೆಸರು ಬಂದರೂ ನಡಾವಳಿಯಲ್ಲಿ 'ತೇವ' ಒಂದೇ. ಲಾರಿ, ಬಿಲ್, ರೇಟ್ ಹಾಗೇ ಬಿಡ್ತೀನಿ. 'ದರಪಟ್ಟಿ' ಅಂತ ಬರೆದರೆ ನಮ್ಮಲ್ಲಿ ನಗ್ತಾರೆ.

ರೇಟಿನದ್ದೇ ದೊಡ್ಡ ತಲೆನೋವು. ನಮ್ಮ ಕಡೆ ನೆಲ್ಲಿನ ಮಾತೆಲ್ಲ 75 ಕೆಜಿ ಚೀಲದ ಲೆಕ್ಕ. ಇಂಗ್ಲಿಷ್‌ನಲ್ಲಿ ಮಾತಾಡೋ ಅಧಿಕಾರಿಗಳದ್ದು ಕ್ವಿಂಟಲ್ ಲೆಕ್ಕ. ಆ 'ಏಟೀನ್ ಹಂಡ್ರೆಡ್' ಯಾವುದು? ರೆಕಾರ್ಡಿಂಗ್ ಹಿಂದಕ್ಕೆ ಹಾಕಿ ಕೇಳಿದೆ. ಅದಕ್ಕೂ ಮುಂಚೆ ಯಾರೋ 'ಚೀಲಕ್ಕ' ಅಂದಿದ್ದರು. ಹಾಗಾಗಿ "ಚೀಲಕ್ಕೆ 1,800 ರೂ., ಅಂದರೆ ಕ್ವಿಂಟಲ್‌ಗೆ 2,400" ಎಂದು ಎರಡನ್ನೂ ಬರೆದೆ. ಕೇಳಿ ಗೊತ್ತಾಗದಿದ್ದರೆ ಊಹೆ ಮಾಡೋದಿಲ್ಲ, ಹೇಳಿದವರಿಗೇ ಫೋನ್ ಹಚ್ತೀನಿ.

'ನೋಡೋಣ್ರಿ' ಅನ್ನೋ ಮಾತು ತೀರ್ಮಾನ ಅಲ್ಲ, ಎಷ್ಟೋ ಸಲ ಅದು ಮರ್ಯಾದೆಯ 'ಬ್ಯಾಡ'. ಅದನ್ನು ಬರೆಯೋದೇ ಇಲ್ಲ. 'ಹ್ಞಾಂ' ಕೂಡ ಒಪ್ಪಿಗೆ ಅಲ್ಲ, ಕೇಳಿಸ್ತು ಅಂತ ಅರ್ಥ. 'ಮಾಡ್ತೀವಿ' ಅಂದರೆ ಯಾರು ಅಂತ ಹೆಸರು ಸಿಗೋವರೆಗೆ ಆ ಸಾಲಿಗೆ ಕೆಂಪು ಗೆರೆ.

ಕೊನೆಗೆ ಮೀಟಿಂಗಿಗೆ ಬಾರದ ಒಬ್ಬ ನಿರ್ದೇಶಕರಿಗೆ ನಡಾವಳಿಯನ್ನು ಫೋನಿನಲ್ಲಿ ಓದಿ ಹೇಳಿದೆ. "ತೇವ ಅಳೆಯೋರು ಯಾರು?" ಅಂದರು. ಹೌದಲ್ಲ, ಮೀಟಿಂಗಿನಲ್ಲೂ ಯಾರೂ ಹೇಳಿರಲಿಲ್ಲ. ಅಧ್ಯಕ್ಷರಿಗೆ ಕೇಳಿ, ಗೋದಾಮಿನ ಹುಡುಗನ ಹೆಸರು ಸೇರಿಸಿ, 'ಮೀಟಿಂಗ್ ನಂತರ ಕೇಳಿದ್ದು' ಅಂತ ಪಕ್ಕದಲ್ಲಿ ಬರೆದು ಕಳಿಸಿದೆ.