ಡೌನ್‌ಲೋಡ್ ಇನ್ನೆಷ್ಟು ಹೊತ್ತು? ನಿಮಿಷ ಬಿಡಿ, ಎಂಬಿ ನೋಡಿ

ಮುಕ್ಕಾಲು ಪಾಲು ಇಳಿದ ಫೈಲು. ಪರದೆ ಮೇಲೆ ‘4 ಗಂಟೆ ಬಾಕಿ’ ಅಂತ ಕಂಡಿದ್ದೇ ತಡ, ರದ್ದು ಮಾಡಿ ಮತ್ತೆ ಮೊದಲಿನಿಂದ ಶುರು. ಹೀಗೆ ಮಾಡುವವರನ್ನು ಬೇಕಾದಷ್ಟು ಜನ ನೋಡಿದ್ದೇನೆ. ಸ್ವಲ್ಪ ಕಾದಿದ್ದರೆ ಅದೇ ಅಂಕಿ ತಾನಾಗೇ ಇಳಿಯುತ್ತಿತ್ತು.

ಆ ಅಂಕಿ ಬರುವುದು ಒಂದು ಸಣ್ಣ ಭಾಗಾಕಾರದಿಂದ. ಇನ್ನೂ ಇಳಿಯಬೇಕಾದ ಎಂಬಿಯನ್ನು ಈಗಿನ ವೇಗದಿಂದ ಭಾಗಿಸುತ್ತಾರೆ, ಅಷ್ಟೇ. 3,000 ಎಂಬಿ ಉಳಿದಿದೆ, ವೇಗ ಸೆಕೆಂಡಿಗೆ 2 ಎಂಬಿ ಅನ್ನಿ. 25 ನಿಮಿಷ ಅಂತ ತೋರಿಸುತ್ತದೆ. ಅಷ್ಟರಲ್ಲಿ ಒಳಕೋಣೆಯಲ್ಲಿ ಯಾರೋ ಟಿವಿಗೆ ಸಿನಿಮಾ ಹಾಕಿದರು, ವೇಗ 0.2 ಎಂಬಿಗೆ ಬಿತ್ತು. ಅದೇ ಲೆಕ್ಕ ಈಗ 4 ಗಂಟೆ ದಾಟುತ್ತದೆ. ಸಿಗ್ನಲ್‌ನಲ್ಲಿ ತೆವಳುವ ಬಸ್ಸಿನ ವೇಗ ನೋಡಿ ಮೈಸೂರು ತಲುಪುವ ಹೊತ್ತು ಹೇಳಿದ ಹಾಗೆ.

ವೇಗ ಯಾಕೆ ಏರಿಳಿಯುತ್ತದೆ? ಡೌನ್‌ಲೋಡ್ ಶುರುವಿನಲ್ಲಿ ಬೇಕಂತಲೇ ನಿಧಾನ. ಲೈನು ಎಷ್ಟು ತಡೆಯುತ್ತದೆ ಎಂದು ನೋಡಿಕೊಂಡು ವೇಗ ಹೆಚ್ಚಿಸುತ್ತಾ ಹೋಗುತ್ತದೆ, ಡೇಟಾ ಕಳೆದುಹೋದರೆ ಮತ್ತೆ ಇಳಿಸುತ್ತದೆ. ಜೊತೆಗೆ ವೈಫೈ ಮನೆಮಂದಿಗೆಲ್ಲ ಹಂಚಬೇಕು, ಆ ಕಡೆಯ ಸರ್ವರ್ ಸಾವಿರಾರು ಜನಕ್ಕೆ ಹಂಚಬೇಕು. ಕೆಲವು ಪ್ರೋಗ್ರಾಂಗಳು ಕಳೆದ ಕೆಲವೇ ಸೆಕೆಂಡುಗಳ ಸರಾಸರಿ ತೆಗೆಯುತ್ತವೆ. ಅವುಗಳ ಅಂಕಿ ಜಾಸ್ತಿ ಕುಣಿಯುತ್ತದೆ.

ಹಾಗಾದರೆ ನಿಜ ತಿಳಿಯುವುದು ಹೇಗೆ? ಮೊದಲು ಎಂಬಿ ಎಷ್ಟು ಇಳಿದಿದೆ ಎಂದು ಕಾಣುವ ಜಾಗಕ್ಕೆ ಹೋಗಿ. ಕ್ರೋಮ್‌ನಲ್ಲಿ ವಿಳಾಸದ ಜಾಗದಲ್ಲಿ `chrome://downloads` ಎಂದು ಟೈಪ್ ಮಾಡಿದರೆ ಸಾಕು.

ಮುಂದಿನದ್ದೇ ಮುಖ್ಯ ಕೆಲಸ, ಜನ ಎಡವುವುದೂ ಇಲ್ಲೇ. ಗಡಿಯಾರ ನೋಡಿ, ಇಳಿದ ಎಂಬಿಯನ್ನು ಚೀಟಿಯಲ್ಲಿ ಬರೆದುಕೊಳ್ಳಿ. ಸರಿಯಾಗಿ 10 ನಿಮಿಷ ಬಿಟ್ಟು ಮತ್ತೆ ಬರೆಯಿರಿ. 4.5 ಜಿಬಿ ಫೈಲು ಎಂದುಕೊಳ್ಳಿ. 8:10ಕ್ಕೆ 1.2 ಜಿಬಿ ಇತ್ತು, 8:20ಕ್ಕೆ 1.5 ಆಯಿತು. ಅಂದರೆ 10 ನಿಮಿಷಕ್ಕೆ 300 ಎಂಬಿ, ನಿಮಿಷಕ್ಕೆ 30. ಉಳಿದ 3,000 ಎಂಬಿಗೆ 100 ನಿಮಿಷ ಬೇಕು, 10 ಗಂಟೆಗೆ ಮುಗಿಯುತ್ತದೆ. ಅಷ್ಟಕ್ಕೇ ನಂಬಬೇಡಿ, 8:30ಕ್ಕೆ ಇನ್ನೊಮ್ಮೆ ನೋಡಿ. 1.85 ಜಿಬಿ ಆಗಿದ್ದರೆ ಈ ಸಲ ನಿಮಿಷಕ್ಕೆ 35 ಎಂಬಿ ಬಂದಿದೆ. ಉಳಿದ 2,650ಕ್ಕೆ ಸುಮಾರು 76 ನಿಮಿಷ, ಅಂದರೆ 9:46. ಪರದೆ ಏನೇ ಹೇಳಲಿ, ಒಂಬತ್ತೂಮುಕ್ಕಾಲರಿಂದ ಹತ್ತರೊಳಗೆ ಮುಗಿಯುವ ಫೈಲು ಇದು. ಎರಡು ಸಲದ ಲೆಕ್ಕ ಅರ್ಧಕ್ಕರ್ಧ ಬೇರೆ ಬಂದರೆ ಮಾತ್ರ ಮೂರನೇ ಸಲ ಲೆಕ್ಕ ಹಾಕಿ. ಒಂದೇ ನಿಮಿಷದ ಅಂತರದಲ್ಲಿ ಅಳೆದು ಪ್ರಯೋಜನವಿಲ್ಲ, ಬ್ರೌಸರ್ ಮಾಡುವ ತಪ್ಪನ್ನೇ ನೀವೂ ಮಾಡಿದಂತೆ.

ಪ್ಲಾನಿನಲ್ಲಿ ಬರೆದ 40 ಎಂಬಿಪಿಎಸ್ ಅಂದರೆ ಸೆಕೆಂಡಿಗೆ 40 ಎಂಬಿ ಅಲ್ಲ. ಎಂಬಿಪಿಎಸ್ ಎಣಿಸುವುದು ಬಿಟ್‌ಗಳನ್ನು, ಎಂಟು ಬಿಟ್ ಸೇರಿದರೆ ಒಂದು ಬೈಟ್. 8ರಿಂದ ಭಾಗಿಸಿ, ಹೆಚ್ಚೆಂದರೆ ಸೆಕೆಂಡಿಗೆ 5 ಎಂಬಿ.

ಅಂದಹಾಗೆ, ವೇಗ ಹೆಚ್ಚಿಸುತ್ತೇವೆ ಎನ್ನುವ ‘ಬೂಸ್ಟರ್’ ಆ್ಯಪ್‌ಗಳನ್ನು ಹಾಕಿಕೊಳ್ಳಬೇಡಿ. ನಿಮ್ಮ ಲೈನಿನ ಮಿತಿಯನ್ನು ಯಾವ ಆ್ಯಪೂ ದಾಟಿಸುವುದಿಲ್ಲ. ಜಾಹೀರಾತು ಮಾತ್ರ ಜಾಸ್ತಿ ಬರುತ್ತದೆ.

ಎಂಬಿ ಅಲ್ಲಾಡುತ್ತಲೇ ಇಲ್ಲವೇ? ಬೇರೊಂದು ಸೈಟ್ ತೆರೆದು ನೋಡಿ. ಅದು ಸರಾಗವಾಗಿ ತೆರೆದರೆ ತೊಂದರೆ ಇರುವುದು ಬಹುಶಃ ಆ ಸರ್ವರ್‌ನಲ್ಲಿ. ತೆರೆಯದಿದ್ದರೆ ನಿಮ್ಮ ಲೈನಿನಲ್ಲಿ. ಮೊಬೈಲ್ ಡೇಟಾ ಆಗಿದ್ದರೆ ದಿನದ ಕೋಟಾ ಮುಗಿದಿದೆಯಾ ನೋಡಿಕೊಳ್ಳಿ. ಎಷ್ಟೋ ಪ್ಲಾನ್‌ಗಳಲ್ಲಿ ಕೋಟಾ ಮುಗಿದ ಮೇಲೆ ವೇಗ 64 ಕೆಬಿಪಿಎಸ್‌ಗೆ ಇಳಿಯುತ್ತದೆ. ಆ ವೇಗದಲ್ಲಿ 100 ಎಂಬಿಗೇ ಮೂರೂವರೆ ಗಂಟೆ ಹತ್ತಿರ ಬೇಕು. ಸುಮ್ನೆ ಪಾಜ್ ಒತ್ತಿ ನಿಲ್ಲಿಸಿಡಿ, ಮರುದಿನದ ಕೋಟಾ ಬಂದ ಮೇಲೆ ಮುಂದುವರಿಸಿ.

ಅನುಮಾನ ಇನ್ನೂ ಉಳಿದರೆ ಡೌನ್‌ಲೋಡ್ಸ್ ಫೋಲ್ಡರ್ ತೆರೆಯಿರಿ. ಕ್ರೋಮ್‌ನ ಅರೆಬೆಂದ ಫೈಲಿಗೆ `.crdownload`, ಫೈರ್‌ಫಾಕ್ಸ್‌ನದ್ದಕ್ಕೆ `.part` ಎಂಬ ಬಾಲ ಇರುತ್ತದೆ. ಅದರ ಗಾತ್ರ ಬೆಳೆಯುತ್ತಿದ್ದರೆ ಕೆಲಸ ನಡೆಯುತ್ತಿದೆ. ಟೊರೆಂಟ್‌ನಲ್ಲಿ ಈ ಉಪಾಯ ನಂಬುವಂತಿಲ್ಲ. ಕೆಲವು ಆ್ಯಪ್‌ಗಳು ಮೊದಲೇ ಪೂರ್ತಿ ಜಾಗ ಹಿಡಿದುಬಿಡುತ್ತವೆ, ಗಾತ್ರ ನೋಡಿದರೆ ಮುಗಿದಂತೆಯೇ ಕಾಣುತ್ತದೆ.

ಶೇ. 100ರ ಹತ್ತಿರ ನಿಂತರೆ ಗಾಬರಿ ಬೇಡ. ವೈರಸ್ ತಪಾಸಣೆ ನಡೆಯುತ್ತಿರಬಹುದು, ಆಟದ ಫೈಲಾದರೆ ಕಂತೆ ಬಿಚ್ಚುತ್ತಿರಬಹುದು. ಇನ್ನು ಒಟ್ಟು ಗಾತ್ರವನ್ನೇ ತೋರಿಸದ ಡೌನ್‌ಲೋಡ್‌ಗಳಿವೆ. ಗಾತ್ರವನ್ನು ಸರ್ವರ್ ಹೇಳಿರುವುದಿಲ್ಲ, ಹಾಗಾಗಿ ಬಾಕಿ ಹೊತ್ತು ಯಾರಿಗೂ ಗೊತ್ತಿಲ್ಲ. ಎಂಬಿ ಏರುತ್ತಿದೆಯಾ ಅಂತಷ್ಟೇ ನೋಡಬಹುದು.

ರದ್ದು ಕೊನೆಯ ಉಪಾಯ. ಮೊದಲು ಪಾಜ್ ಒತ್ತಿ, ಆಮೇಲೆ ಮುಂದುವರಿಸಿ. ನಿಂತಲ್ಲಿಂದ ಹೊರಟರೆ ಸರಿ. ಆದರೆ ಕೆಲವು ಸರ್ವರ್‌ಗಳು ಇದಕ್ಕೆ ಒಪ್ಪುವುದಿಲ್ಲ, ಸೊನ್ನೆಯಿಂದಲೇ ಶುರು ಮಾಡುತ್ತವೆ. ಹಾಗಾಗಿ ದೊಡ್ಡ ಫೈಲಾದರೆ ಮೊದಲ 50 ಎಂಬಿ ಆಗುವಷ್ಟರಲ್ಲೇ ಒಮ್ಮೆ ಪಾಜ್ ಮಾಡಿ ಪರೀಕ್ಷಿಸಿಬಿಡಿ.